ದರೆಯ ಬುಡ ಕಡಿದು ಮಳೆಯನ್ನು ಬೈದರೆ?

ಗುಡ್ಡ ಕುಸಿದಾಗಲೆಲ್ಲ "ಈ ಸಲ ಮಳೆ ವಿಪರೀತ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮಳೆ ಜೋರಿತ್ತು, ನಿಜ. ಅದೇ ಮಳೆಗೆ ಪಕ್ಕದ ಗುಡ್ಡ ಯಾಕೆ ಜಾರಲಿಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆಬದಿಯ ಚಹಾದಂಗಡಿಯನ್ನು ಹೊತ್ತುಕೊಂಡು ಗಂಗಾವಳಿ ನದಿಗೂ ನುಗ್ಗಿತು. ನದಿಪಾಲಾದ ಒಂದು ಲಾರಿ ಮೇಲೆ ಬಂದಿದ್ದು ಸೆಪ್ಟೆಂಬರಿನಲ್ಲಿ. ಮಳೆಗಾಲವೇನೂ ಹೊಸದಲ್ಲ, ಆದರೆ ರಸ್ತೆಗಾಗಿ ಆ ಗುಡ್ಡದ ಬುಡ ಕಡಿದಿದ್ದರು.

ಇಳಿಜಾರಿನ ಬುಡದಲ್ಲಿರುವ ಮಣ್ಣು ಮೇಲಿನ ಭಾರಕ್ಕೆ ಆನಿಕೆ ಇದ್ದಂತೆ. ಅದನ್ನು ನೆಟ್ಟಗೆ ಕಡಿದರೆ ಗೋಡೆಯಂತೆ ಉಳಿಯುವ ದರೆ ಅವತ್ತೇ ಬೀಳುವುದಿಲ್ಲ. ಒಣಗಿದ ಮಣ್ಣು ವರ್ಷಗಟ್ಟಲೆ ನಿಲ್ಲಬಹುದು, ಜೆಸಿಬಿಯವನು "ಗಟ್ಟಿ ಇದೆ ಸಾರ್" ಅಂದಿದ್ದೂ ಆ ಹೊತ್ತಿಗೆ ಸುಳ್ಳಲ್ಲ. ನಾಲ್ಕು ದಿನ ಬಿಡದೆ ಮಳೆ ಹೊಡೆದಾಗ ಕತೆ ಬೇರೆ. ನಮ್ಮ ಕಡೆ ಎಷ್ಟೋ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ನುಣ್ಣನೆಯ ಶೇಡಿ ಮಣ್ಣು. ಮೇಲಿಂದ ಇಳಿದ ನೀರು ಆ ಶೇಡಿಯಲ್ಲಿ ತಡೆದು ನಿಲ್ಲುತ್ತದೆ, ಒಳಗಿನ ಒತ್ತಡ ಏರಿ ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಆಗ ಬುಡದ ಆನಿಕೆ ಬೇಕು. ಅದನ್ನು ನಾವೇ ಟಿಪ್ಪರಿಗೆ ತುಂಬಿ ಕಳಿಸಿರುತ್ತೇವೆ.

ಎಲ್ಲರೂ ದರೆಯ ಮುಖ ನೋಡುತ್ತಾರೆ. ನೋಡಬೇಕಾದ್ದು ನೆತ್ತಿ. ಅಂಚಿನಿಂದ ಒಂದಷ್ಟು ಹಿಂದೆ, ಹುಲ್ಲಿನ ಮರೆಯಲ್ಲಿ, ಬಿಲ್ಲಿನಂತೆ ಬಾಗಿದ ಬಿರುಕು ಕಂಡರೆ ಆ ಮಣ್ಣು ಆಗಲೇ ಹೊರಟಿದೆ ಅಂತ ಅರ್ಥ. ಬಿರುಕಿನ ಈಚೆ ಆಚೆ ಒಂದೊಂದು ಗೂಟ ಹೊಡೆದು ನಡುವಿನ ಅಂತರವನ್ನು ದಿನಾ ಅಳೆಯಿರಿ. ಅಂತರ ಇವತ್ತು 2 ಮಿಲಿಮೀಟರ್ ಹಿಗ್ಗಿ, ನಾಳೆ ಮತ್ತೆ 4, ನಾಡಿದ್ದು ಮತ್ತೆ 8 ಅಂತ ವೇಗ ಹೆಚ್ಚುತ್ತಿದ್ದರೆ ಮನೆ ಬಿಡಲು ತಡಮಾಡಬೇಡಿ. ಬುಡದಲ್ಲಿ ಹೊಸ ಒರತೆ ಕೆಂಪಗೆ ಹರಿಯುವುದು, ತಡೆಗೋಡೆ ಹೊಟ್ಟೆ ಉಬ್ಬಿಸುವುದು, ಮನೆಯ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಕೂಡ ಇದೇ ಸುದ್ದಿ ಹೇಳುತ್ತವೆ. ತಡೆಗೋಡೆಯ ತೂತುಗಳಲ್ಲಿ ಭಾರಿ ಮಳೆಯಲ್ಲೂ ನೀರು ಬರುತ್ತಿಲ್ಲವಾದರೆ ಖುಷಿಪಡಬೇಡಿ, ಅವು ಕಟ್ಟಿಕೊಂಡಿರಬಹುದು. ಆಗ ನೀರೆಲ್ಲ ಗೋಡೆಯ ಬೆನ್ನಿಗೆ ಒರಗಿ ನಿಂತಿರುತ್ತದೆ.

ಗೂಟದ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಅದೇ ಜುಲೈ 30ರಂದು ವಯನಾಡಿನಲ್ಲಿ ಆದಂತೆ ದೂರದ ಗುಡ್ಡದ ತಲೆಯಿಂದ ಬಂಡೆ, ಕೆಸರು ಹಳ್ಳ ಹಿಡಿದು ಇಳಿದರೆ, ಕೆಳಗಿನವರ ಹಿತ್ತಲಲ್ಲಿ ಬಿರುಕೇ ಇರುವುದಿಲ್ಲ. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರ್ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡಬಿದ್ದು ಕಟ್ಟೆ ಕಟ್ಟಿರಬಹುದು. ಆ ಕಟ್ಟೆ ಒಡೆಯುವ ಮೊದಲೇ ಹಳ್ಳದ ದಾರಿ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಬೇಕು, ಹಳ್ಳದುದ್ದಕ್ಕೂ ಕೆಳಗೆ ಓಡಬಾರದು.

ಪರಿಚಯದವರೊಬ್ಬರು ದರೆ ಮೇಲಿನ ಬಿರುಕಿಗೆ ಸಿಮೆಂಟು ಸುರಿದಿದ್ದರು. ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿ, ನೀರನ್ನು ಬೇರೆ ಕಡೆ ತಿರುಗಿಸಿ ಅಂದೆ, ಕೇಳಲಿಲ್ಲ. ಹದಿನೈದು ದಿನಕ್ಕೆ ಆ ಸಿಮೆಂಟಿನ ಪಟ್ಟಿಯೇ ಉದ್ದಕ್ಕೆ ಸೀಳಿ, ನಡುವೆ ಬೆರಳು ತೂರುವಷ್ಟು ಸಂದಿಯಾಗಿತ್ತು. ಅವತ್ತು ರಾತ್ರಿ ಅವರು ಮಲಗಿದ್ದು ತಂಗಿ ಮನೆಯಲ್ಲಿ.