ಎರಡು ಲೋಟ, ಒಂದು ದಾರ

ನನ್ನ ತಮ್ಮನ ಮಗಳು ಪುಟ್ಟಿಗೆ ಏಳು ವರ್ಷ. ಒಂದು ಶನಿವಾರ ಶಾಲೆಯಿಂದ ಬಂದವಳೇ ಡೈರಿ ತೆಗೆದು ನನ್ನ ಮುಂದೆ ಹಿಡಿದಳು. "ಎರಡು ಪೇಪರ್ ಲೋಟ, ದಾರ. ಶಬ್ದದ ಪ್ರಯೋಗ" ಅಂತ ಬರೆದಿತ್ತು. ಅವರಪ್ಪ ಊರಲ್ಲಿ ಇರಲಿಲ್ಲ. ಹಾಗಾಗಿ ವಿಜ್ಞಾನದ ಹೊಣೆ ದೊಡ್ಡಪ್ಪನ ತಲೆಗೆ ಬಂತು.

ನಾನು ಸುಲಭ ಅಂದುಕೊಂಡೆ. ಚಿಕ್ಕವರಿದ್ದಾಗ ನಾವೂ ಖಾಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಆಡಿದವರೇ. ಆದರೆ ನಿಜ ಹೇಳಬೇಕು ಅಂದರೆ, ಆ ಫೋನಿನಲ್ಲಿ ನನಗೆ ಯಾವತ್ತೂ ಏನೂ ಕೇಳಿಸಿರಲಿಲ್ಲ. ನಾವು ಕಿರುಚುತ್ತಿದ್ದ ರಭಸಕ್ಕೆ ದಾರದ ಅಗತ್ಯವೇ ಇರಲಿಲ್ಲ. ಮಾತು ಗಾಳಿಯಲ್ಲೇ ಬಂದುಬಿಡುತ್ತಿತ್ತು. ನಾವು ಮಾತ್ರ "ಕೇಳಿಸ್ತು, ಕೇಳಿಸ್ತು" ಅಂತ ಕುಣಿಯುತ್ತಿದ್ದೆವು.

ಆದ್ದರಿಂದ ಮೊದಲ ನಿಯಮ ಇದು: ಪಿಸುಮಾತು ಮಾತ್ರ. ಪಕ್ಕದ ಮನೆಯ ಚಿಂಟುವನ್ನು ಹಿತ್ತಿಲ ಬಾಗಿಲ ಹತ್ತಿರ ನಿಲ್ಲಿಸಿದೆ. ಪುಟ್ಟಿ ಮುಂಬಾಗಿಲಲ್ಲಿ ನಿಂತಳು. ನಡುವೆ ಸುಮಾರು 8 ಮೀಟರ್. ಫೋನಿಲ್ಲದೆ ಪುಟ್ಟಿ ಪಿಸುಗುಟ್ಟಿದಳು, ಚಿಂಟುವಿಗೆ ಕೇಳಿಸಲಿಲ್ಲ. ಇದಾದ ಮೇಲೆ ಲೋಟದಲ್ಲಿ ಏನೇ ಕೇಳಿಸಿದರೂ ಅದು ದಾರದಲ್ಲೇ ಬಂದದ್ದು ಅಂತ ಒಪ್ಪಿಕೊಳ್ಳಬಹುದು.

ಲೋಟದ ತಳಕ್ಕೆ ದಬ್ಬಣದಿಂದ ಸಣ್ಣ ತೂತು ಮಾಡಿದೆವು. ತೂತು ದೊಡ್ಡದಾದರೆ ಗಂಟು ಜಾರಿ ಹೊರಗೆ ಬರುತ್ತದೆ. ನಮ್ಮ ಮೊದಲ ಲೋಟ ಹಾಗೇ ಹಾಳಾಯಿತು. ಎರಡನೆಯದಕ್ಕೆ ದಾರವನ್ನು ಒಳಗೆ ತೂರಿಸಿ, ಅದರ ತುದಿಗೆ ಬೆಂಕಿಕಡ್ಡಿಯ ತುಂಡು ಕಟ್ಟಿದೆವು. ಎಳೆದರೆ ಕಡ್ಡಿ ತಳಕ್ಕೆ ಅಡ್ಡವಾಗಿ ಕೂರುತ್ತದೆ, ದಾರ ಕಿತ್ತು ಬರುವುದಿಲ್ಲ. ದಾರ ಅಂದರೆ ಮನೆಯಲ್ಲಿದ್ದ ಹೂ ಕಟ್ಟುವ ದಾರವೇ.

ಪುಟ್ಟಿ ಪಿಸುಗುಟ್ಟಿದಳು. ಚಿಂಟು ಲೋಟಕ್ಕೆ ಕಿವಿಯಿಟ್ಟು ಸುಮ್ನೆ ನಿಂತಿದ್ದ. ಏನೂ ಇಲ್ಲ. ನೋಡಿದರೆ ದಾರ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದಿತ್ತು. ಇಬ್ಬರನ್ನೂ ಒಂದೊಂದು ಹೆಜ್ಜೆ ಹಿಂದೆ ಸರಿಸಿ ಬಿಗಿ ಮಾಡಿಸಿದೆ. ಆಗಲೂ ಇಲ್ಲ. ಈ ಸಲ ದಾರ ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ತಾಗಿಕೊಂಡಿತ್ತು. ಚಿಂಟುವನ್ನು ಒಂದು ಗೇಣು ಎಡಕ್ಕೆ ಸರಿಸಿದ್ದೇ ತಡ, ಅವನ ಕಣ್ಣು ಅಗಲವಾಯಿತು. "ಅಂಕಲ್, ಇವಳು ನನ್ನನ್ನ ಕೋತಿ ಅಂತಿದಾಳೆ!"

ಪುಟ್ಟಿಯ ಪ್ರಕಾರ ದಾರದೊಳಗೆ ಸಣ್ಣ ತೂತು ಇರುತ್ತದೆ, ಮಾತು ಅದರಲ್ಲಿ ಪೈಪಿನ ನೀರಿನ ಹಾಗೆ ಹರಿಯುತ್ತದೆ. ಏಳು ವರ್ಷದ ಮಕ್ಕಳಿಗೆ ಹೀಗನ್ನಿಸುವುದು ಸಹಜ. ಇಲ್ಲ ಅಂತ ನಾನು ಬಾಯಲ್ಲಿ ಹೇಳಲು ಹೋಗಲಿಲ್ಲ. ಚಿಂಟು ಕೇಳಿಸಿಕೊಳ್ಳುತ್ತಿರುವಾಗ ನಡುವೆ ಹೋಗಿ ದಾರವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದೆ. ಮಾತು ನಿಂತಿತು. ಬಿಟ್ಟೆ, ಬಂತು. ಆಮೇಲೆ ಪುಟ್ಟಿಯ ಕೈಯಲ್ಲೇ ಹಿಡಿಸಿ, ಚಿಂಟುವಿಗೆ ಲೋಟದೊಳಗೆ "ಊ..." ಅನ್ನಲು ಹೇಳಿದೆ. "ದೊಡ್ಡಪ್ಪಾ, ಬೆರಳೊಳಗೆ ಇರುವೆ ಓಡಾಡ್ತಿದೆ" ಅಂದಳು. ದಾರದಲ್ಲಿ ಓಡುವುದು ಆ ಇರುವೆಯೇ, ಅಂದರೆ ನಡುಕ. ತುಸು ಎಳೆದು, ತುಸು ಬಿಟ್ಟು, ಮತ್ತೆ ಎಳೆದು. ಜೋತುಬಿದ್ದ ದಾರದಲ್ಲಿ ಈ ಕಡೆ ಎಳೆದದ್ದು ಆ ಕಡೆಗೆ ಗೊತ್ತೇ ಆಗುವುದಿಲ್ಲ. ಬೆರಳೋ ಬಾಗಿಲೋ ತಾಗಿದರೆ ನಡುಕವನ್ನು ಅದೇ ನುಂಗಿಕೊಳ್ಳುತ್ತದೆ.

ಇನ್ನು ಬೇರೆ ಬೇರೆ ವಸ್ತುಗಳ ಪರೀಕ್ಷೆ. ಇಲ್ಲಿ ಮಕ್ಕಳು ಮೋಸ ಮಾಡುತ್ತಾರೆ, ಗೊತ್ತಿಲ್ಲದೆಯೇ. "ಊಟ ಆಯ್ತಾ" ಅಂದರೆ ಅರ್ಧ ಕೇಳಿಸಿದರೂ ಉಳಿದರ್ಧ ಮನಸ್ಸೇ ತುಂಬಿಕೊಳ್ಳುತ್ತದೆ. ಅದಕ್ಕೆ ಎಂಟು ಚೀಟಿ ಬರೆದೆ. ಕಾಲು, ಹಾಲು, ಸಾಲು, ಪಾಲು, ಪ್ರತಿಯೊಂದೂ ಎರಡು ಸಲ. ಪುಟ್ಟಿ ಕಣ್ಣುಮುಚ್ಚಿ ಒಂದೊಂದೇ ಚೀಟಿ ಎತ್ತಿ ಓದುವುದು, ಚಿಂಟು ಕೇಳಿಸಿದ್ದನ್ನು ಬರೆಯುವುದು. ಹೂವಿನ ದಾರದಲ್ಲಿ ಎಂಟಕ್ಕೆ ಐದು ಸರಿ ಬಂದವು. ತಪ್ಪಿದ್ದೆಲ್ಲ ಒಂದೇ ಥರ: ಸಾಲು ಅಂದರೆ ಹಾಲು, ಪಾಲು ಅಂದರೆ ಕಾಲು. "ಆಲು" ಮಾತ್ರ ಪ್ರತಿ ಸಲವೂ ಗಟ್ಟಿಯಾಗಿ ಬಂತು. ದಾರಕ್ಕೂ ಲೋಟಕ್ಕೂ ಸ್ವರ ಎಂದರೆ ಇಷ್ಟ. "ಸ" ಅನ್ನುವಾಗ ಬರುವ ಆ ತೆಳುವಾದ ಬುಸ್ ಸದ್ದು ದಾರಿಯಲ್ಲೇ ಸೋರಿ ಹೋಗುತ್ತದೆ.

ಆಮೇಲೆ ಸ್ವೆಟರ್ ಹೆಣೆಯುವ ಉಲ್ಲನ್ ಕಟ್ಟಿದೆವು. ಒಂದೇ ಒಂದು ಸರಿ ಬಂತು, ಅದೂ ಅದೃಷ್ಟ. ಲಂಗದ ಎಲಾಸ್ಟಿಕ್‌ನಲ್ಲಿ ಸೊನ್ನೆ. ಇದು ಪುಟ್ಟಿಗೆ ವಿಚಿತ್ರ ಅನ್ನಿಸಿತು, ಯಾಕೆಂದರೆ ಎಲಾಸ್ಟಿಕ್ ಚೆನ್ನಾಗಿಯೇ ಬಿಗಿಯಾಗಿತ್ತು. ಬಿಗಿಯಾಗಿದ್ದರೆ ಸಾಲದು ಅಂತ ಆಗ ಗೊತ್ತಾಯಿತು. ಈ ತುದಿ ಎಳೆದರೆ ಆ ತುದಿಯೂ ಸರಿಯಬೇಕು. ಎಲಾಸ್ಟಿಕ್ ತಾನೇ ಹಿಗ್ಗಿ ಆ ಸಣ್ಣ ಎಳೆತವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಕೊನೆಗೆ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬೇಡಿ ತಂದ ತೆಳು ತಾಮ್ರದ ತಂತಿ. ಎಂಟಕ್ಕೆ ಏಳು! ಆದರೆ ತಂತಿಯ ಜೊತೆ ಏಗುವುದು ಕಷ್ಟ. ಒಂದು ಸಲ ಸುರುಳಿ ಬಿದ್ದು ಮಡಿಚಿಕೊಂಡರೆ ಆ ಜಾಗದಲ್ಲಿ ಮಾತು ಮಂಕಾಗುತ್ತದೆ, ಜಾಸ್ತಿ ಎಳೆದರೆ ಅಲ್ಲೇ ತುಂಡಾಗುತ್ತದೆ. ಬೆರಳೂ ಕೊಯ್ಯಬಹುದು. ಶಾಲೆಗೆ ಹೂವಿನ ದಾರವೇ ಸಾಕು.

ಒಂದು ವಿಷಯದಲ್ಲಿ ನನಗೆ ಮಕ್ಕಳ ವಿಜ್ಞಾನದ ಪುಸ್ತಕಗಳ ಮೇಲೆ ತಕರಾರಿದೆ. ಘನ ವಸ್ತುವಿನಲ್ಲಿ ಶಬ್ದ ಗಾಳಿಗಿಂತ ಬೇಗ ಹೋಗುತ್ತದೆ, ಅದಕ್ಕೇ ದಾರದ ಫೋನು ಕೇಳಿಸುತ್ತದೆ ಅಂತ ಬರೆದುಬಿಡುತ್ತಾರೆ. ಬೇಗ ಹೋಗುವುದು ಬೇರೆ, ಜೋರಾಗಿ ಕೇಳಿಸುವುದು ಬೇರೆ, ಅಲ್ವಾ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಮ್ಮ ಮನೆಯ 8 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು ಸಾಕು. ಇದಕ್ಕಿಂತ ಬೇಗ ಬಂದರೆ ಯಾವ ಮಗುವಿಗೆ ಗೊತ್ತಾದೀತು? ನಿಜವಾದ ಕಾರಣ ಬೇರೆ. ಗಾಳಿಯಲ್ಲಿ ಮಾತು ಎಲ್ಲ ದಿಕ್ಕಿಗೂ ಹರಡಿಕೊಂಡು ತೆಳ್ಳಗಾಗುತ್ತದೆ, ಬಯಲಲ್ಲಿ ಚೆಲ್ಲಿದ ನೀರಿನ ಹಾಗೆ. ದಾರದಲ್ಲಿ ಹರಡಲು ಜಾಗವಿಲ್ಲ. ಕಾಲುವೆಗೆ ಬಿಟ್ಟ ನೀರು ನೆಟ್ಟಗೆ ಒಂದೇ ಗದ್ದೆಗೆ ಹೋಗುತ್ತದೆ.

ಇದೇನು ಮಕ್ಕಳಾಟದಲ್ಲಿ ಹುಟ್ಟಿದ ಸಂಗತಿಯಲ್ಲ. ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಅದಕ್ಕೂ ಇನ್ನೂರು ವರ್ಷ ಮೊದಲು, 1665ರಲ್ಲೇ, ಇಂಗ್ಲೆಂಡಿನ ರಾಬರ್ಟ್ ಹುಕ್ ಬಿಗಿದ ತಂತಿಯಲ್ಲಿ ಶಬ್ದವನ್ನು ಬಹುದೂರ ಕಳಿಸಿದ್ದಾಗಿ ಬರೆದಿದ್ದ.

ನಾನು ಇದನ್ನೆಲ್ಲ ಯೋಚಿಸುತ್ತಿರುವಾಗ ಚಿಂಟು "ಅಯ್ಯೋ" ಅಂತ ಲೋಟ ಬಿಸಾಡಿ ಕಿವಿ ಹಿಡಿದುಕೊಂಡ. ಪುಟ್ಟಿ ಬೇಕಂತಲೇ ದಾರವನ್ನು ವೀಣೆಯ ತಂತಿಯ ಹಾಗೆ ಮೀಟಿದ್ದಳು. ನಾನೂ ಲೋಟ ತೆಗೆದುಕೊಂಡು ಕೇಳಿದೆ. ಢಂವ್! ಕಿವಿಯೊಳಗೆ ಯಾರೋ ನಗಾರಿ ಬಾರಿಸಿದ ಹಾಗೆ. ತಕ್ಷಣ ಚೌಡಿಕೆ ನೆನಪಾಯಿತು. ಸವದತ್ತಿ ಎಲ್ಲಮ್ಮನ ಹಾಡುಗಾರರ ಕೈಯಲ್ಲಿ ಇರುತ್ತದಲ್ಲ, ಅದೇ. ಮರದ ಕೊಳಗಕ್ಕೆ ಒಂದು ಕಡೆ ಚರ್ಮ, ಚರ್ಮದ ನಡುವೆ ಕಟ್ಟಿದ ತಂತಿ, ತಂತಿಯ ಇನ್ನೊಂದು ತುದಿ ಕೋಲಿನ ಬಿರಟೆಗೆ. ಮೀಟಿದರೆ ತಂತಿಯೂ ನುಡಿಯುತ್ತದೆ, ಚರ್ಮವೂ ನುಡಿಯುತ್ತದೆ. ನಮ್ಮ ಫೋನಿನ ಅರ್ಧ ಅದೇ. ಅಂದರೆ ಇದು ಫೋನೇ ಅಲ್ಲ, ದಾರ ಕಟ್ಟಿದ ಎರಡು ಸಣ್ಣ ಡ್ರಮ್ಮು! ಲೋಟದ ತಳವೇ ಡ್ರಮ್ಮಿನ ಚರ್ಮ. ಈ ಕಡೆಯ ಡ್ರಮ್ಮನ್ನು ಮಾತು ಬಾರಿಸುತ್ತದೆ. ಆ ಕಡೆಯ ಡ್ರಮ್ಮನ್ನು ದಾರ ಬಾರಿಸುತ್ತದೆ.

ಹಾಗಾದರೆ ಮಾತು ಡ್ರಮ್ಮು ಬಾರಿಸುವುದನ್ನು ಕಣ್ಣಿಗೆ ತೋರಿಸಬೇಕಲ್ಲ. ಒಂದು ಬೋಗುಣಿಯ ಬಾಯಿಗೆ ಬಲೂನಿನ ರಬ್ಬರ್ ಎಳೆದು ಕಟ್ಟಿ, ಮೇಲೆ ಒಂದು ಚಿಟಿಕೆ ರವೆ ಉದುರಿಸಿದೆವು. (ಮೊದಲು ಸಾಸಿವೆ ಹಾಕಿದ್ದೆ. ಅದು ಮುಟ್ಟುವ ಮೊದಲೇ ಉರುಳಿ ಹೋಗುತ್ತದೆ.) ಚಿಂಟು ಒಂದು ಗೇಣು ದೂರದಲ್ಲಿ ಊಟದ ತಟ್ಟೆ ಹಿಡಿದು ಸೌಟಿನಿಂದ ಬಾರಿಸಿದ. ರವೆ ಎಗರಿತು. "ಟೇಬಲ್ ಅಲ್ಲಾಡಿತು, ಅದಕ್ಕೆ" ಅಂದಳು ಪುಟ್ಟಿ. ಒಳ್ಳೆಯ ಅನುಮಾನ. ಬೋಗುಣಿಯ ಕೆಳಗೆ ದಿಂಬು ಇಟ್ಟು, ಚಿಂಟುವನ್ನು ಟೇಬಲ್ಲಿನಿಂದ ದೂರ ನಿಲ್ಲಿಸಿ ಮತ್ತೆ ಬಾರಿಸಿದರೂ ಎಗರಿತು. ಈಗ ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ.

ಆಮೇಲೆ ಪುಟ್ಟಿ ಪಕ್ಕದಿಂದ "ಊ" ಅಂತ ತಗ್ಗಿನ ದನಿಯಲ್ಲಿ ಶುರುಮಾಡಿ ಮೇಲೆ ಮೇಲೆ ಹೋದಳು. ಉಸಿರು ತಾಗದ ಹಾಗೆ ಬಾಯಿಗೆ ಪುಸ್ತಕ ಅಡ್ಡ ಹಿಡಿಸಿದ್ದೆ. ತಗ್ಗಿನಲ್ಲಿ ರವೆ ಸುಮ್ಮನಿತ್ತು. ನಡುವಿನ ಯಾವುದೋ ಒಂದು ಶ್ರುತಿಗೆ ಬಂದಾಗ ಇದ್ದಕ್ಕಿದ್ದಂತೆ ಕುಣಿಯತೊಡಗಿತು. ಇನ್ನೂ ಮೇಲೆ ಹೋದರೆ ಮತ್ತೆ ಸುಮ್ಮನಾಯಿತು. ಜೋರು ಮಾಡಿದ್ದರಿಂದ ಕುಣಿದದ್ದಲ್ಲ, ಆ ರಬ್ಬರಿಗೆ ಒಪ್ಪುವ ಶ್ರುತಿ ಅದು. ರಬ್ಬರನ್ನು ಇನ್ನಷ್ಟು ಬಿಗಿದಾಗ ಆ ಶ್ರುತಿಯೂ ಮೇಲೆ ಸರಿಯಿತು. ಮೃದಂಗದವರು ಕಚೇರಿಗೆ ಮೊದಲು ಕಲ್ಲಿನಿಂದ ಟಕ್ ಟಕ್ ಅಂತ ಬಡಿದು ಬಿಗಿ ಮಾಡುವುದೂ ಇದನ್ನೇ.

ಮೃದಂಗಕ್ಕೂ ರವೆಗೂ ಹಳೆಯ ನಂಟು. ಎಡಗಡೆಗೆ ರವೆ ಕಲಸಿ ಮೆತ್ತುತ್ತಾರೆ, ಬಲಗಡೆಗೆ ಕರಣೆ ಅನ್ನುವ ಕಪ್ಪು ಲೇಪ ಇರುತ್ತದೆ. ಸಾಮಾನ್ಯ ಡ್ರಮ್ಮಿಗೆ ಇಂಥದ್ದೇ ಸ್ವರ ಅಂತ ಹೇಳುವುದು ಕಷ್ಟ, ಆದರೆ ಮೃದಂಗ ಶ್ರುತಿಗೆ ಕೂರುತ್ತದೆ. ಚರ್ಮದ ಮೇಲಿನ ಆ ಭಾರವೇ ಇದಕ್ಕೆ ಕಾರಣ ಅಂತ ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದರು. ಚರ್ಮ ಎಲ್ಲಿ ನಡುಗುತ್ತದೆ, ಎಲ್ಲಿ ಸುಮ್ಮನಿರುತ್ತದೆ ಅಂತ ನೋಡಲು ಅವರೂ ಮರಳು ಉದುರಿಸುತ್ತಿದ್ದರು. ನಮ್ಮದು ಬನ್ಸಿ ರವೆ, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಪೇಪರ್ ಲೋಟದ ತಳ ಉಸಿರಿನ ತೇವಕ್ಕೆ ಮೆತ್ತಗಾಗಿ ಒಳಗೆ ಕುಸಿದಿತ್ತು. ಮೆತ್ತಗಾದ ಡ್ರಮ್ಮು ಇನ್ನೇನು ಮಾಡೀತು? ಮಾತು ಗೊಣಗಾಟವಾಯಿತು. ಚಿಂಟು ಮನೆಗೆ ಹೋದ. ನಾನು ನನ್ನ ಕಡೆಯ ಲೋಟ ಬದಲಾಯಿಸಿದೆ. ಪುಟ್ಟಿಯ ಕಡೆಗೆ ಹಾಕಲು ಲೋಟ ಉಳಿದಿರಲಿಲ್ಲ.

"ಲೋಟ ಬೇಡ ದೊಡ್ಡಪ್ಪಾ" ಅಂದವಳೇ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಎರಡೂ ಕಿವಿಗೆ ಬೆರಳು ಹಾಕಿಕೊಂಡು, ದಾರ ಬಿಗಿಯಾಗುವವರೆಗೆ ಹಿಂದೆ ಹಿಂದೆ ಹೋದಳು. ಅಡುಗೆಮನೆಯಲ್ಲಿ ಅವಳಮ್ಮ ಉಳಿದ ರವೆಯನ್ನು ಹುರಿಯುತ್ತಿದ್ದಳು. ನಾನು ಲೋಟಕ್ಕೆ ಬಾಯಿಟ್ಟು ಪಿಸುಗುಟ್ಟಿದೆ: "ಉಪ್ಪಿಟ್ಟು ಬೇಕಾ?"

ಹಲ್ಲಿನಲ್ಲಿ ದಾರ ಇದ್ದದ್ದರಿಂದ ಮಾತಾಡುವ ಹಾಗಿರಲಿಲ್ಲ. ಒಂದು ಕ್ಷಣ ಬಿಟ್ಟು ಜೋರಾಗಿ ತಲೆ ಆಡಿಸಿದಳು. ನನ್ನ ಕೈಯ ಲೋಟ ಢಂವ್ ಅಂತ ಅಲ್ಲಾಡಿತು.