ಈ ಇ.ಸಿ. ಯಾವ ಮನೇದು ಅಣ್ಣ?

ಹೋದ ಬುಧವಾರ ಹಾಸನದ ಸಾಲಗಾಮೆ ರಸ್ತೆ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೊಸದಾಗಿ ಕಟ್ಟಿದ ಮನೆಯಲ್ಲ, ಮೂವತ್ತು ವರ್ಷಕ್ಕೂ ಹಳೆಯ ಮನೆ. ಸುಣ್ಣಬಣ್ಣ ಮಾಡಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಬೆಳಗಿನ ಜಾವ ಹಸು ಕರು ಒಳಗೆ ಬಂದವು. ಹಾಲು ಉಕ್ಕಿತು. ಮನೆ ಕೊಂಡ ಹುಡುಗಿ ಒಲೆ ಮುಂದೆ ಕೂತವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಮೂರು ಮನೆ ಬದಲಾಯಿಸಿದ್ದರು. ಹನ್ನೊಂದು ತಿಂಗಳಿಗೊಮ್ಮೆ ಕರಾರು, ಪ್ರತಿ ಸಲ ಬಾಡಿಗೆ ಸ್ವಲ್ಪ ಜಾಸ್ತಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು. ಬಾಡಿಗೆಗೆ ಇದ್ದವರಿಗೆ ಇದೆಲ್ಲ ಗೊತ್ತೇ ಇದೆ. ಈ ಇಬ್ಬರ ವಿಷಯದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಬೇರೆ. ಮನೆ ಕೈಗೆ ಸಿಕ್ಕಿತು ಅನ್ನುವಾಗ ಇವರು ಒಂದು ಪ್ರಶ್ನೆ ಕೇಳಿ ನಿಂತರು. ಅದಕ್ಕಾಗಿ ಇವರಿಗೆ ಅಭಿನಂದನೆ ಹೇಳಬೇಕು.

ನಾನು ಪತ್ರ ಬರೆಯುವವನು. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕ್ರಯದ ಕರಾರು ಮಾಡಿಕೊಂಡು, ಒಂದು ಲಕ್ಷ ಮುಂಗಡ ಕೊಟ್ಟು, ಇವರು ನನ್ನ ಹತ್ತಿರ ಬಂದಾಗ ಕಾಗದಗಳೆಲ್ಲ ಅಚ್ಚುಕಟ್ಟಾಗಿದ್ದವು. ಇ-ಖಾತೆ ಇತ್ತು. ಕಂದಾಯ ಕಟ್ಟಿದ ರಸೀದಿ ಇತ್ತು. ಸ್ವತ್ತಿನ ಮೇಲೆ ನೋಂದಣಿ ಆದ ಕ್ರಯ, ಅಡಮಾನ ತೋರಿಸುವ ಋಣಭಾರ ಪತ್ರ, ಅಂದರೆ ಇ.ಸಿ. ಕೂಡ ಎರಡು ಇದ್ದವು. ಒಂದು ಆನ್‌ಲೈನ್‌ನಲ್ಲಿ ತೆಗೆದದ್ದು, 2004ರಿಂದ ಈಚೆಗೆ. ಅದಕ್ಕಿಂತ ಹಿಂದಿನದು ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಆಫೀಸಿನಲ್ಲಿ ಹಳೇ ಪುಸ್ತಕ ಹುಡುಕಿಸಿ ತೆಗೆಸಬೇಕು. ಮಾರುವವರು ಅದನ್ನೂ 1990ರಿಂದ ತೆಗೆಸಿ ಇಟ್ಟಿದ್ದರು. ಎರಡೂ ನಮೂನೆ 16. ಅಂದರೆ ಈ ಸ್ವತ್ತಿನ ಮೇಲೆ ಯಾವ ವ್ಯವಹಾರವೂ ಸಿಕ್ಕಿಲ್ಲ ಅಂತ. ವ್ಯವಹಾರ ಇದ್ದರೆ ನಮೂನೆ 15 ಬರುತ್ತದೆ, ಅದರಲ್ಲಿ ಸಾಲು ಸಾಲಾಗಿ ವಿವರ ಇರುತ್ತದೆ.

ಎಲ್ಲರೂ ನಮೂನೆ 16 ನೋಡಿದರೆ ಖುಷಿಪಡುತ್ತಾರೆ. ಸಾಲ ಇಲ್ಲ, ತಂಟೆ ಇಲ್ಲ ಅಂತ. ನಾನೂ ಅದನ್ನು ನೋಡಿ ಪಕ್ಕಕ್ಕಿಟ್ಟಿದ್ದೆ. ಆ ಹುಡುಗಿ ಮಾತ್ರ ಬೆಂಚಿನ ಮೇಲೆ ಕೂತು ಒಂದೊಂದೇ ಕಾಗದ ಓದುತ್ತಿದ್ದಳು. ಹತ್ತು ನಿಮಿಷ ಬಿಟ್ಟು ಕೇಳಿದಳು:

"ಅಣ್ಣ, ಇವರಪ್ಪ ಈ ಮನೆ ತಗೊಂಡಿದ್ದು 1994ರಲ್ಲಿ ಅಂತ ಕ್ರಯಪತ್ರ ಇದೆ. ಇ.ಸಿ.ಯಲ್ಲಿ 1990ರಿಂದ ಏನೂ ನಡೆದೇ ಇಲ್ಲ ಅಂತಿದೆ. ಹಾಗಾದ್ರೆ ಈ ಇ.ಸಿ. ಯಾವ ಮನೇದು?"

ನಾನು ಬರೆಯುವುದನ್ನು ನಿಲ್ಲಿಸಿದೆ. 1994ರ ಕ್ರಯ ನೋಂದಣಿ ಆಗಿರುವಾಗ ಅದು ಇ.ಸಿ.ಯಲ್ಲಿ ಬರಲೇಬೇಕು. ಬಂದಿಲ್ಲ ಅಂದರೆ ಹುಡುಕಿದ್ದೇ ತಪ್ಪು ಜಾಗದಲ್ಲಿ.

ಆಗಿದ್ದು ಇಷ್ಟು. ನಾವು ಅರ್ಜಿಯಲ್ಲಿ ಸ್ವತ್ತಿನ ಯಾವ ವಿವರ ಕೊಡುತ್ತೇವೋ ಅದನ್ನೇ ಹುಡುಕಿ ಇ.ಸಿ. ಕೊಡುತ್ತಾರೆ. 2024ರ ಅಕ್ಟೋಬರ್‌ನಿಂದ ನಗರ, ಪಟ್ಟಣಗಳಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ ಎಲ್ಲರ ಕೈಯಲ್ಲೂ ಹೊಸ ಸ್ವತ್ತಿನ ಸಂಖ್ಯೆ ಇದೆ, ಅರ್ಜಿಯಲ್ಲೂ ಅದನ್ನೇ ಬರೆಯುತ್ತಾರೆ. 1994ರ ಪುಸ್ತಕದಲ್ಲಿ ಆ ನಂಬರ್ ಎಲ್ಲಿಂದ ಬರಬೇಕು? ಆಗ ಇದ್ದದ್ದು ಹಳೇ ಅಸೆಸ್‌ಮೆಂಟ್ ನಂಬರ್. ಅದು ಹಳೇ ಕ್ರಯಪತ್ರದ ಕೊನೆಯಲ್ಲಿ, ಷೆಡ್ಯೂಲ್‌ನಲ್ಲಿ, ಚೆಕ್ಕುಬಂದಿಯ ಜೊತೆಗೇ ಇತ್ತು.

ಆ ಹಳೇ ನಂಬರ್ ಮತ್ತು ಚೆಕ್ಕುಬಂದಿ ಕೊಟ್ಟು ಮತ್ತೆ ಅರ್ಜಿ ಹಾಕಿದೆವು. ಈ ಸಲ ನಮೂನೆ 15 ಬಂತು. ಎರಡು ಸಾಲು. ಒಂದು 1994ರ ಕ್ರಯ. ಇನ್ನೊಂದು 1998ರದು, ಒಂದು ಸಹಕಾರ ಸಂಘಕ್ಕೆ ಅರವತ್ತು ಸಾವಿರಕ್ಕೆ ಮನೆ ಅಡಮಾನ.

ಮಾರುವವರಿಗೂ ಇದು ಗೊತ್ತಿರಲಿಲ್ಲ, ಪಾಪ. ಅವರಪ್ಪ ತೀರಿಹೋಗಿದ್ದರು. ಮನೆಯಲ್ಲಿ ಹುಡುಕಿದಾಗ 2003ರಲ್ಲಿ ಸಾಲ ತೀರಿಸಿದ ರಸೀದಿ ಸಿಕ್ಕಿತು. "ಸಾಲ ತೀರಿದೆಯಲ್ಲ, ಇನ್ನೇನು? ಮುಂದಿನ ವಾರ ರಿಜಿಸ್ಟರ್ ಮಾಡಿಸೋಣ" ಅಂದರು. ರಸೀದಿ ಇದ್ದರೆ ಸಾಲದು. ಅಡಮಾನ ನೋಂದಣಿ ಆಗಿದೆ ಅಂದಮೇಲೆ ಬಿಡುಗಡೆಯೂ ನೋಂದಣಿ ಆಗಬೇಕು. ಅಲ್ಲಿವರೆಗೆ ಇ.ಸಿ.ಯಲ್ಲಿ ಆ ಮನೆ ಸಂಘಕ್ಕೆ ಅಡವಿಟ್ಟ ಮನೆಯೇ. ಮನೆ ಯಾರ ಕೈಗೆ ಹೋದರೂ ಅಡಮಾನ ಅದರ ಜೊತೆಗೇ ಹೋಗುತ್ತದೆ. ನಾಳೆ ಇವರು ಮಾರಲು ಹೋದರೆ, ಅದರ ಮೇಲೆ ಸಾಲ ಕೇಳಿದರೆ, ಅಲ್ಲಿ ನಿಲ್ಲುತ್ತದೆ. ಆಗ ಆ ರಸೀದಿ ಯಾರ ಹತ್ತಿರ ಇರುತ್ತದೋ!

"ಬ್ಯಾಂಕಿನ ವಕೀಲರು ನೋಡ್ತಾರೆ ಬಿಡಮ್ಮ" ಅಂತಲೂ ಯಾರೋ ಹೇಳಿದರು. ಈ ಮಾತನ್ನು ನಾನು ದಿನಾ ಕೇಳುತ್ತೇನೆ, ಒಪ್ಪುವುದಿಲ್ಲ. ವಕೀಲರು ನೋಡುವುದು ನಾವು ಕೊಟ್ಟ ಕಾಗದವನ್ನು. ಮನೆ ನಮ್ಮದು, ಮೊದಲು ಓದಬೇಕಾದವರೂ ನಾವೇ ಅಲ್ವಾ?

ಸಂಘದವರು ಹಳೇ ಲೆಡ್ಜರ್ ಹುಡುಕಿ, ಸಭೆಯಲ್ಲಿ ಒಪ್ಪಿಗೆ ಪಡೆದು, ಆಫೀಸಿಗೆ ಬಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ಎರಡೂವರೆ ತಿಂಗಳು. ಈ ಕಡೆ ಬಾಡಿಗೆ ಮನೆಯ ಕರಾರು ಮುಗಿದಿತ್ತು, ಮಾಲೀಕರು ಬೇರೆಯವರಿಗೆ ಮಾತು ಕೊಟ್ಟಿದ್ದರು. ಇವರು ಸಾಮಾನೆಲ್ಲ ಅಣ್ಣನ ಮನೆಯ ಶೆಡ್ಡಿನಲ್ಲಿಟ್ಟು, ಮಗುವನ್ನು ಕರೆದುಕೊಂಡು ಒಂದೇ ಕೋಣೆಯಲ್ಲಿ ಆ ಎರಡೂವರೆ ತಿಂಗಳು ಕಳೆದರು. ಒಂದು ದಿನವೂ ನನ್ನ ಹತ್ತಿರ ಬಂದು "ಹೇಗೋ ಮಾಡಿ ಮುಗಿಸಿಬಿಡಿ ಅಣ್ಣ" ಅನ್ನಲಿಲ್ಲ. ಒಂಬತ್ತು ವರ್ಷ ಕಾದವರಿಗೆ ಆ ಕೊನೆಯ ಎರಡೂವರೆ ತಿಂಗಳು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಷ್ಟರಲ್ಲಿ ಧೈರ್ಯ ಕೆಟ್ಟು ಸಹಿ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಇ.ಸಿ. ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ನೋಂದಣಿ ಆದದ್ದು ಮಾತ್ರ ಅದರಲ್ಲಿ ಬರುತ್ತದೆ. ಮನೆಯೊಳಗಿನ ಪಾಲಿನ ತಕರಾರು, ನೋಂದಣಿ ಆಗದ ಕರಾರು, ಬಾಕಿ ಕಂದಾಯ, ಇವು ಬರುವುದಿಲ್ಲ. ಅದಕ್ಕೇ ವಂಶವೃಕ್ಷ ನೋಡಿ, ಮಾರುವವರ ತಂಗಿಯನ್ನೂ ಕರೆಸಿದೆವು. ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದು ಸಹಿ ಹಾಕಿ, "ನಮ್ಮಪ್ಪನ ಮನೆ, ಚೆನ್ನಾಗಿ ನೋಡ್ಕೊಳ್ಳಮ್ಮ" ಅಂತ ಆ ಹುಡುಗಿಯ ಕೈ ಹಿಡಿದುಕೊಂಡರು.

ಕ್ರಯಪತ್ರ ಬರೆಯುವಾಗ ಷೆಡ್ಯೂಲ್‌ನಲ್ಲಿ ಹಳೇ ನಂಬರ್, ಹೊಸ ಸಂಖ್ಯೆ ಎರಡನ್ನೂ ಹಾಕಿದೆ. ಈಗ ಬರುವ ಎಲ್ಲರಿಗೂ ಹಾಗೇ ಮಾಡುತ್ತಿದ್ದೇನೆ. ಕೊಳ್ಳುವವರ ಜಾಗದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ.

ಗೃಹಪ್ರವೇಶಕ್ಕೆ ಎಲ್ಲರೂ ಗೋಡೆ ಗಡಿಯಾರ, ಸ್ಟೀಲ್ ಪಾತ್ರೆ ತಂದಿದ್ದರು. ನಾನು ಎರಡೂ ನಂಬರ್ ಕೊಟ್ಟು ಹೊಸದಾಗಿ ತೆಗೆಸಿದ ಇ.ಸಿ.ಯನ್ನು ಒಂದು ಕವರಿಗೆ ಹಾಕಿ, ಅರಿಶಿನ ಕುಂಕುಮ ಹಚ್ಚಿ ಕೊಟ್ಟೆ. ಅದರಲ್ಲಿ ಐದು ಸಾಲಿವೆ. 1994ರ ಕ್ರಯ. 1998ರ ಅಡಮಾನ, ಅದು ಅಳಿಸಿಹೋಗುವುದಿಲ್ಲ, ಹಾಗೇ ಇರುತ್ತದೆ. ಅದರ ಕೆಳಗೆ ಬಿಡುಗಡೆ. ನಾಲ್ಕನೆಯದು ಇವರಿಬ್ಬರ ಹೆಸರಿನ ಕ್ರಯ. ಆ ಸಾಲಿನ ಮೇಲೆ ಬೆರಳಿಟ್ಟು ಅವಳು ಎರಡು ಸಲ ಓದಿದಳು. ಆಮೇಲೆ ಗಂಡನನ್ನು ಕರೆದು ತೋರಿಸಿದಳು.

ತಂಗಿ, ಭಾವ, ಇಬ್ಬರಿಗೂ ತುಂಬು ಮನಸ್ಸಿನ ಅಭಿನಂದನೆ. ಐದನೇ ಸಾಲು ನಿಮ್ಮ ಬ್ಯಾಂಕ್ ಸಾಲದ್ದು, ಹದಿನೆಂಟು ವರ್ಷದ್ದು. ಕೊನೆಯ ಕಂತು ಕಟ್ಟಿದ ದಿನ ರಸೀದಿ ತಗೊಂಡು ಸುಮ್ನೆ ಮನೆಗೆ ಹೋಗಬೇಡಿ. ಬ್ಯಾಂಕಿನವರನ್ನು ಕರೆದುಕೊಂಡು ನೇರ ಆಫೀಸಿಗೆ ಬನ್ನಿ. ಆರನೇ ಸಾಲನ್ನೂ ಬರೆಸೋಣ.