ಹತ್ತು ಡಾಲರಿನಿಂದ ಇಪ್ಪತ್ತಾರೂವರೆಯವರೆಗೆ: ಬಹುಮಾನದ ದರಪಟ್ಟಿಯನ್ನು ಏಕೆ ಮುಟ್ಟಬಾರದು

ಕ್ಯಾಲಿಫೋರ್ನಿಯಾದ ಒಂದು ವ್ಯಸನ ಚಿಕಿತ್ಸಾ ಕ್ಲಿನಿಕ್ಕಿನಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಮೆಥಾಂಫೆಟಮೀನ್, ಕೊಕೇನ್‌ಗಳಂಥ ಉತ್ತೇಜಕ ಮಾದಕಗಳ ಚಟ ಬಿಡಲು ಬರುವವರ ಮೂತ್ರ ಪರೀಕ್ಷೆ ನೆಗೆಟಿವ್ ಬಂದರೆ ಅಲ್ಲೇ ಗಿಫ್ಟ್ ಕಾರ್ಡ್ ಕೊಡುತ್ತೇವೆ ಎಂದಾಗ, ಊರಿನಿಂದ ಫೋನ್ ಮಾಡುವ ವೈದ್ಯ ಬಂಧುವೊಬ್ಬರು ಪ್ರತಿ ಬಾರಿಯೂ ಕೇಳುವುದು ಒಂದೇ ಪ್ರಶ್ನೆ: "ಹಾಗಾದರೆ ಅದು ಲಂಚವಲ್ಲವೇ?" ತಪ್ಪು ಕೆಲಸ ಮಾಡಿಸಿಕೊಳ್ಳಲು ಕೊಡುವುದು ಲಂಚ. ಇಲ್ಲಿ ಕೊಡುವುದು ಸರಿಯಾದ ಕೆಲಸ ಆದ ಮೇಲೆ, ಅದು ಆಗಿದೆಯೆಂದು ಕಣ್ಣೆದುರು ಖಚಿತವಾದ ಮೇಲೆ. ಈ ಪದ್ಧತಿಗೆ ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಎಂದು ಹೆಸರು. ಅಫೀಮು ವರ್ಗದ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳಿವೆ. ಉತ್ತೇಜಕಗಳ ಚಟಕ್ಕೆ ಅಮೆರಿಕದಲ್ಲಿ ಮಂಜೂರಾದ ಔಷಧ ಒಂದೂ ಇಲ್ಲ. ಇರುವ ಚಿಕಿತ್ಸೆಗಳಲ್ಲಿ ಅತಿ ಗಟ್ಟಿಯಾದ ಪುರಾವೆ ಇರುವುದು ಇದಕ್ಕೇ.

ಆದರೆ ನಾನು ಬರೆಯಹೊರಟಿರುವುದು ಬಹುಮಾನ ಕೊಡಬೇಕೇ ಬೇಡವೇ ಎಂಬುದರ ಬಗ್ಗೆಯಲ್ಲ, ಅದನ್ನು ಕೊಡುವ ಲೆಕ್ಕದ ಬಗ್ಗೆ. ಗಿಫ್ಟ್ ಕಾರ್ಡ್ ಕೊಡುವುದೇ ಚಿಕಿತ್ಸೆ ಎಂದು ಅನೇಕ ತಂಡಗಳು ಭಾವಿಸುತ್ತವೆ. ಚಿಕಿತ್ಸೆ ಇರುವುದು ದರಪಟ್ಟಿಯಲ್ಲಿ: ಯಾವ ದಿನ, ಎಷ್ಟು, ಯಾವಾಗ ಏರಿಕೆ, ಯಾವಾಗ ಇಳಿಕೆ ಎಂಬುದರಲ್ಲಿ.

ಇದಕ್ಕೆ ಮೊದಲ ರೂಪ ಕೊಟ್ಟವರು ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್. 1990ರ ದಶಕದ ಆರಂಭದಲ್ಲಿ ಕೊಕೇನ್ ಬಳಸುವವರಿಗಾಗಿ ಅವರು ರೂಪಿಸಿದ ವೋಚರ್ ಕ್ರಮದಲ್ಲಿ ಸತತ ನೆಗೆಟಿವ್‌ಗಳಿಗೆ ಮೊತ್ತ ಏರುತ್ತ ಹೋಗುತ್ತಿತ್ತು, ಒಂದು ಪಾಸಿಟಿವ್ ಬಂದರೆ ಮೊದಲ ಮೆಟ್ಟಿಲಿಗೆ ಇಳಿಯುತ್ತಿತ್ತು. ಮುಂದೆ ಕನೆಕ್ಟಿಕಟ್‌ನ ನ್ಯಾನ್ಸಿ ಪೆಟ್ರಿ ಖರ್ಚು ತಗ್ಗಿಸಲು ಚೀಟಿ ಎತ್ತುವ ಕ್ರಮ ತಂದರು. ಅದರ ಬಟ್ಟಲಿನ 500 ಚೀಟಿಗಳಲ್ಲಿ ಅರ್ಧಕ್ಕೆ ಮೆಚ್ಚುಗೆಯ ಮಾತಷ್ಟೇ ಇರುತ್ತದೆ, ಉಳಿದವುಗಳಲ್ಲಿ ಹೆಚ್ಚಿನವು ಒಂದು ಡಾಲರಿನ ಆಸುಪಾಸಿನವು, ನೂರು ಡಾಲರಿನ ಚೀಟಿ ಒಂದೇ ಒಂದು. ಎರಡೂ ಕ್ರಮಗಳು ಫಲ ಕೊಟ್ಟಿವೆ.

ಕ್ಯಾಲಿಫೋರ್ನಿಯಾದ ಮೆಡಿ-ಕ್ಯಾಲ್ ವಿಮೆಯಡಿ 2023ರಲ್ಲಿ ಆರಂಭವಾದ ಕಾರ್ಯಕ್ರಮದ ದರಪಟ್ಟಿಯನ್ನು ನಾನು ದಿನವೂ ಬಳಸುವುದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ. ಒಟ್ಟು 24 ವಾರ. ಮೊದಲ ಹನ್ನೆರಡು ವಾರ ವಾರಕ್ಕೆರಡು ಪರೀಕ್ಷೆ. ಮೊದಲ ವಾರ ಪ್ರತಿ ನೆಗೆಟಿವ್‌ಗೆ 10 ಡಾಲರ್. ವಾರದ ಎರಡೂ ಪರೀಕ್ಷೆ ನೆಗೆಟಿವ್ ಬಂದರೆ ಮುಂದಿನ ವಾರದ ದರ ಒಂದೂವರೆ ಡಾಲರ್ ಏರುತ್ತದೆ. ಹೀಗೆ ಏರಿ ಹನ್ನೆರಡನೆಯ ವಾರ 26.50 ತಲುಪುತ್ತದೆ. ಅಲ್ಲಿಂದ ಮುಂದೆ ವಾರಕ್ಕೊಂದೇ ಪರೀಕ್ಷೆ: ಆರು ವಾರ 15 ಡಾಲರ್, ಐದು ವಾರ 10 ಡಾಲರ್, ಕೊನೆಯ ವಾರ 21. ಒಂದೂ ತಪ್ಪದವರಿಗೆ ಸೇರುವ ಮೊತ್ತ 599 ಡಾಲರ್.

ವಾರಕ್ಕೆ ಎರಡೇ ಏಕೆ ಎಂಬುದಕ್ಕೆ ಉತ್ತರ ದೇಹದಲ್ಲಿದೆ. ಈ ಮಾದಕಗಳ ಗುರುತು ಮೂತ್ರದಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಇರುತ್ತದೆ. ವಾರಕ್ಕೊಮ್ಮೆ ಮಾತ್ರ ನೋಡಿದರೆ ಪರೀಕ್ಷೆಯ ಮರುದಿನ ಬಳಸಿದವರು ಮುಂದಿನ ವಾರ ನೆಗೆಟಿವ್ ತೋರಿಸಿ ಬಹುಮಾನ ಪಡೆಯಬಹುದು. ದಿನ ಬಿಟ್ಟು ದಿನ ನೋಡಿದರೆ ಒಮ್ಮೆಯ ಬಳಕೆಗೆ ಎರಡು ಸಲ ಸೋತಂತಾಗಬಹುದು. ಆದ್ದರಿಂದ ಸೋಮವಾರ–ಗುರುವಾರ ಅಥವಾ ಮಂಗಳವಾರ–ಶುಕ್ರವಾರ ಎಂದು ಅಂತರವಿಟ್ಟೇ ದಿನ ಗೊತ್ತುಮಾಡಬೇಕು. ಸಿಬ್ಬಂದಿಯ ಅನುಕೂಲಕ್ಕಾಗಿ ಸೋಮವಾರ–ಮಂಗಳವಾರ ಮಾಡಿಕೊಂಡ ತಂಡ ಹಣ ಖರ್ಚು ಮಾಡುತ್ತದೆಯೇ ಹೊರತು ಏನನ್ನೂ ಅಳೆಯುವುದಿಲ್ಲ.

ಈಗ ಒಬ್ಬ ವ್ಯಕ್ತಿಯ ಲೆಕ್ಕ ನೋಡೋಣ. ಇದು ನಾನು ತರಬೇತಿಯಲ್ಲಿ ಬಳಸುವ ಉದಾಹರಣೆ, ಯಾರೊಬ್ಬರ ಕಥೆಯೂ ಅಲ್ಲ. ಐದು ವಾರ ಒಂದೂ ತಪ್ಪದೆ ಬಂದವರು ಐದನೆಯ ವಾರ ಪ್ರತಿ ಪರೀಕ್ಷೆಗೆ 16 ಡಾಲರ್ ಪಡೆದಿದ್ದಾರೆ, ಅಷ್ಟರಲ್ಲಿ ಒಟ್ಟು 130 ಡಾಲರ್ ಕೈಸೇರಿದೆ. ಆರನೆಯ ವಾರದ ಸೋಮವಾರ 17.50 ಸಿಗಬೇಕಿತ್ತು, ಪರೀಕ್ಷೆ ಪಾಸಿಟಿವ್ ಬಂತು. ಅಂದು ಏನೂ ಇಲ್ಲ. ಹಿಂದಿನ 130 ಡಾಲರಿಗೆ ಯಾರೂ ಕೈಹಾಕುವುದಿಲ್ಲ. ಗುರುವಾರ ನೆಗೆಟಿವ್ ಬಂದರೆ ದರ 10 ಡಾಲರಿನಿಂದ ಮತ್ತೆ ಶುರು. ಆದರೆ ಸತತ ಎರಡು ಮಾದರಿ ನೆಗೆಟಿವ್ ಬಂದ ಬಳಿಕ ಹಿಂದೆ ಏರಿದ್ದ ಮಟ್ಟಕ್ಕೇ ವಾಪಸಾಗುತ್ತದೆ. ಈ ಎರಡನೆಯ ನಿಯಮವೇ ನನ್ನ ಮಟ್ಟಿಗೆ ಇಡೀ ದರಪಟ್ಟಿಯ ಜೀವಾಳ. ಅದಿಲ್ಲದಿದ್ದರೆ ಕಳೆದುಕೊಂಡ ಎತ್ತರಕ್ಕೆ ಮತ್ತೆ ಏರಲು ತಿಂಗಳಿಗೂ ಹೆಚ್ಚು ಕಾಲ ಬೇಕು, ಅಷ್ಟು ದೂರ ನೋಡಿದವರು ಗುರುವಾರ ಬರುವುದೇ ಇಲ್ಲ. ಇಳಿಕೆಯೇ ಇಲ್ಲದಿದ್ದರೆ ಸತತವಾಗಿ ಬಿಟ್ಟಿರುವುದಕ್ಕೂ ಆಗಾಗ ಬಿಟ್ಟಿರುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಆ ಸೋಮವಾರ ಸಮಾಲೋಚಕರು ಆಡುವ ಮಾತೂ ಚಿಕ್ಕದಾಗಿರಬೇಕು. "ನೀವು ಬಂದದ್ದು ಒಳ್ಳೆಯದಾಯಿತು. ಇವತ್ತು ಕಾರ್ಡ್ ಇಲ್ಲ. ಗುರುವಾರ ನೆಗೆಟಿವ್ ಬಂದರೆ ಹತ್ತು ಡಾಲರ್, ಸೋಮವಾರವೂ ಬಂದರೆ ನಿಮ್ಮ ಹಳೆಯ ಮಟ್ಟ ನಿಮಗೆ ವಾಪಸ್." ಇಷ್ಟು ಸಾಕು. ಉಪದೇಶವೂ ಬೇಡ, ವಿಚಾರಣೆಯೂ ಬೇಡ.

ಕನಿಕರಪಟ್ಟು ದರಪಟ್ಟಿಯನ್ನು ಸಡಿಲಿಸುವುದರಿಂದ ಆಗುವ ಹಾನಿಯನ್ನು ನಾನು ಕಂಡಿದ್ದೇನೆ, ವಿಳಂಬದಿಂದ ಆಗುವ ಹಾನಿ ಅದಕ್ಕಿಂತ ದೊಡ್ಡದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮಾದರಿಯನ್ನು ಹೊರಗಿನ ಲ್ಯಾಬಿಗೆ ಕಳುಹಿಸಿ, ಫಲಿತಾಂಶ ಬಂದ ಮೇಲೆ ಕಾರ್ಡುಗಳನ್ನು ಒಟ್ಟು ಸೇರಿಸಿ ಹಂಚುತ್ತಿದ್ದರು. ಒಬ್ಬ ಹೆಂಗಸಿಗೆ ಎರಡು ವಾರದ ಹಿಂದಿನ ನೆಗೆಟಿವ್‌ನ ಕಾರ್ಡನ್ನು ನಾನೇ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ನಿನ್ನೆ ರಾತ್ರಿ ತಗೊಂಡಿದ್ದೆನಲ್ಲ, ಇದು ಯಾವುದಕ್ಕೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮೆಥ್ ಕೆಲವೇ ಕ್ಷಣಗಳಲ್ಲಿ ಫಲ ಕೊಡುತ್ತದೆ; ಅದರ ಎದುರು ನಿಲ್ಲಬೇಕಾದದ್ದು ಎರಡು ವಾರದ ನಂತರ ಬಂದರೆ ಯಾವ ನಡವಳಿಕೆಗೂ ಅಂಟಿಕೊಳ್ಳುವುದಿಲ್ಲ. ಮೂತ್ರ ಹಿಡಿದ ಕಪ್‌ನಲ್ಲೇ ಕೆಲವು ನಿಮಿಷಗಳಲ್ಲಿ ಫಲಿತಾಂಶ ತೋರಿಸುವ ಕಿಟ್ ಮತ್ತು ಅದೇ ಭೇಟಿಯಲ್ಲಿ ಕೈಗೆ ಕಾರ್ಡ್, ಇವೆರಡೂ ಸಾಧ್ಯವಿಲ್ಲದ ಕ್ಲಿನಿಕ್ ಕಾರ್ಯಕ್ರಮವನ್ನು ಆರಂಭಿಸದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತಪ್ಪು, ಒಂದೇ ಬಹುಮಾನದ ಬೆನ್ನಿಗೆ ಹತ್ತು ಷರತ್ತು ಕಟ್ಟುವುದು. ಗುಂಪು ಸಭೆಗೂ ಬರಬೇಕು, ಗಾಂಜಾ ಮದ್ಯ ಎರಡನ್ನೂ ಬಿಟ್ಟಿರಬೇಕು ಎಂದರೆ ಮೆಥ್ ಬಿಟ್ಟು ಬಿಯರ್ ಕುಡಿದವರು ಬರಿಗೈಯಲ್ಲಿ ಹೋಗುತ್ತಾರೆ. ಬಹುಮಾನ ಉತ್ತೇಜಕಗಳ ಫಲಿತಾಂಶಕ್ಕೆ ಮಾತ್ರ. ಉಳಿದವುಗಳ ಮಾತು ಬೇರೆಯಾಗಿ ಆಡಬೇಕು. ಕಿಟ್ ಕೂಡ ದೇವರಲ್ಲ: ಮೂಗು ಕಟ್ಟಿದ್ದಕ್ಕೆ ತೆಗೆದುಕೊಂಡ ಸೂಡೊಎಫೆಡ್ರಿನ್, ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಆಂಫೆಟಮೀನ್ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತರಬಲ್ಲವು. ಹಾಗಾಗಿ ಸೇರುವ ದಿನವೇ ಔಷಧಗಳ ಪಟ್ಟಿ ಬರೆದಿಟ್ಟುಕೊಳ್ಳಬೇಕು, ನಿಯಮವನ್ನು ಕಾಗದದಲ್ಲಿ ಕೊಡಬೇಕು. ವಿವಾದ ಎದ್ದ ಮೇಲೆ ಮಾಡಿದ ನಿಯಮವನ್ನು ಯಾರೂ ನಂಬುವುದಿಲ್ಲ.

ಬಹುಮಾನ ನಿಂತ ಮೇಲೆ ಕೆಲವರು ಮತ್ತೆ ಬಳಕೆಗೆ ಮರಳುತ್ತಾರೆ, ಇದು ನಿಜ. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದಾಗ ಒತ್ತಡ ಏರಿದರೆ ಮಾತ್ರೆಯನ್ನು ಯಾರೂ ದೂರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಇಲ್ಲಿನ ಬೀದಿಯ ಮೆಥ್, ಕೊಕೇನ್‌ಗಳಲ್ಲಿ ಅಫೀಮು ವರ್ಗದ ಅತಿ ಪ್ರಬಲ ಮಾದಕವಾದ ಫೆಂಟನಿಲ್ ಬೆರೆತಿರುವುದುಂಟು. ಅಫೀಮು ವರ್ಗದ ಮಾದಕವನ್ನೂ ಜೊತೆಗೆ ಬಳಸುತ್ತಿದ್ದು ಕೆಲವು ವಾರ ಎಲ್ಲವನ್ನೂ ಬಿಟ್ಟವರ ದೇಹಕ್ಕೆ ಅದನ್ನು ತಾಳುವ ಶಕ್ತಿ ಕುಗ್ಗಿರುತ್ತದೆ, ಆರನೆಯ ವಾರದ ಒಂದು ಜಾರುವಿಕೆ ಪ್ರಾಣಕ್ಕೇ ಕುತ್ತಾಗಬಹುದು. ಅದಕ್ಕಾಗಿ ನಮ್ಮಲ್ಲಿ ದರಪಟ್ಟಿಯ ಕಾಗದದ ಜೊತೆಗೇ ಮೊದಲ ದಿನ, ಅಫೀಮು ವರ್ಗದ ಮಾದಕ ಮಿತಿಮೀರಿದಾಗ ಅದರ ಪರಿಣಾಮ ತಡೆಯುವ ನಾಲೊಕ್ಸೋನ್ ಸ್ಪ್ರೇ ಕೈಗಿಡುತ್ತೇವೆ, ಮನೆಯವರೊಬ್ಬರು ಬಂದಿದ್ದರೆ ಅದನ್ನು ಮೂಗಿಗೆ ಹೇಗೆ ಹಾಕಬೇಕೆಂದು ಅವರ ಕೈಯಲ್ಲೇ ತೋರಿಸಿ ಕಳಿಸುತ್ತೇವೆ.